ಹದಿನೇಳನೆಯ ಬಿಲ್ ಯಾರದು?

ಗ್ರಾಹಕರೊಬ್ಬರು ಫೋನ್ ಮಾಡಿ, "ನಿಮ್ಮ INV-0017ರ ಹಣ ಹಾಕಿದ್ದೇನೆ, ಒಮ್ಮೆ ನೋಡಿಬಿಡಿ" ಎಂದರು. ಸ್ಪ್ರೆಡ್‌ಶೀಟ್ ತೆರೆದು ಹದಿನೇಳನೆಯ ಸಂಖ್ಯೆಯ ಎದುರು ನೋಡಿದರೆ ಬೇರೆ ಯಾರದೋ ಹೆಸರು, ಬೇರೆಯದೇ ಮೊತ್ತ. ನಾನೇ ಕಳುಹಿಸಿದ್ದ ಪಿಡಿಎಫ್ ಹುಡುಕಿ ತೆಗೆದಾಗ ಅದರಲ್ಲಿ ಅವರ ಹೆಸರೇ ಇತ್ತು. ಅಂದರೆ ಕಾಗದ ಹೇಳುವುದು ಒಂದು, ಹಾಳೆ ಹೇಳುವುದು ಇನ್ನೊಂದು.

ಕಾರಣ ಸಿಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ, ಒಪ್ಪಿಕೊಳ್ಳಲು ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು. ಬಿಲ್ ಸಂಖ್ಯೆಯ ಕಾಲಂನಲ್ಲಿ ಜಾಣತನವೆಂದುಕೊಂಡು ಈ ಸೂತ್ರ ಬರೆದಿದ್ದೆ:

```
="INV-"&TEXT(ROW()-1,"0000")
```

ಎರಡನೆಯ ಸಾಲಿಗೆ 0001, ಮೂರನೆಯದಕ್ಕೆ 0002. ಕೆಳಗೆ ಎಳೆದರೆ ಸಂಖ್ಯೆ ತಾನಾಗಿ ಬೆಳೆಯುತ್ತದೆ, ನೋಡಲು ಚೆಂದ. ಆದರೆ ಆ ಸಂಖ್ಯೆ ಬಿಲ್ಲಿನದಲ್ಲ, ಸಾಲಿನದು. ಹಿಂದಿನ ವಾರ ಬಾಕಿ ಯಾರ್‍ಯಾರದೆಂದು ತಿಳಿಯಲು ಪಟ್ಟಿಯನ್ನು ಗ್ರಾಹಕರ ಹೆಸರಿನ ಅಕಾರಾದಿಯಲ್ಲಿ ಜೋಡಿಸಿದ್ದೆ. ಹೆಸರುಗಳು ಜಾಗ ಬದಲಿಸಿದವು, ಸಂಖ್ಯೆಗಳು ಕುಳಿತಲ್ಲೇ ಕುಳಿತವು. ಒಂದು ಕ್ಲಿಕ್‌ಗೆ ಅಷ್ಟೂ ಬಿಲ್ಲುಗಳು ಸಂಖ್ಯೆ ಅದಲುಬದಲು ಮಾಡಿಕೊಂಡಿದ್ದವು. ಯಾವ ಎಚ್ಚರಿಕೆಯೂ ಬರಲಿಲ್ಲ, ಏಕೆಂದರೆ ಸೂತ್ರದ ದೃಷ್ಟಿಯಲ್ಲಿ ಯಾವ ತಪ್ಪೂ ಆಗಿರಲಿಲ್ಲ.

ಹಳೆಯ ಪಿಡಿಎಫ್‌ಗಳನ್ನು ಒಂದೊಂದಾಗಿ ತೆರೆದು ಸಂಖ್ಯೆಗಳನ್ನು ಮರಳಿ ಕೂರಿಸುವುದರಲ್ಲಿ ಆ ಸಂಜೆ ಮುಗಿಯಿತು. ಮರುದಿನ ಇಡೀ ಕಡತವನ್ನು ಬದಿಗಿಟ್ಟು ಹೊಸದಾಗಿ ಕಟ್ಟಲು ಕುಳಿತೆ. ಇದು ಅದರ ವಿವರ.

ಮುಖ ಬೇರೆ, ಲೆಕ್ಕ ಬೇರೆ

ಸ್ಪ್ರೆಡ್‌ಶೀಟ್‌ನಲ್ಲಿ ಬಿಲ್ ಮಾಡುವವರು ಸಾಮಾನ್ಯವಾಗಿ ಒಂದು ಚೆಂದದ ಹಾಳೆ ಸಿದ್ಧಪಡಿಸಿ, ಪ್ರತಿ ಹೊಸ ಬಿಲ್ಲಿಗೂ ಅದರ ನಕಲು ತೆಗೆದು, ಹಳೆಯದನ್ನು ಅಳಿಸಿ ಹೊಸದನ್ನು ತುಂಬುತ್ತಾರೆ. ನಾನೂ ಮೊದಮೊದಲು ಹಾಗೆಯೇ ಮಾಡುತ್ತಿದ್ದೆ. ನಿನ್ನೆಯ ಕಡತ ನಕಲು ಮಾಡಿ ಸಂಖ್ಯೆ ಬದಲಿಸಲು ಮರೆತರೆ ಒಂದೇ ಸಂಖ್ಯೆಯ ಎರಡು ಬಿಲ್ಲುಗಳು ಹೊರಗೆ ಹೋಗುತ್ತವೆ, ಅದು ಗೊತ್ತಾಗುವುದು ತಿಂಗಳುಗಳ ನಂತರ. ಈ ಸಲ ನಕಲಿನ ದಾರಿಯನ್ನೇ ಬಿಟ್ಟೆ. ಒಂದೇ ಕಡತ, ಅದರಲ್ಲಿ ಮೂರು ಹಾಳೆ.

ಮೊದಲನೆಯದು `Register`. ಒಂದು ಬಿಲ್ಲಿಗೆ ಅಥವಾ ಒಂದು ಕೊಟೇಶನ್‌ಗೆ ಒಂದು ಸಾಲು: ವಿಧ, ಕ್ರಮಸಂಖ್ಯೆ, ಪೂರ್ಣ ಸಂಖ್ಯೆ, ದಿನಾಂಕ, ಗ್ರಾಹಕರು, ಪಾವತಿಯ ದಿನಗಳು, ಅವನ್ನು ಎಣಿಸುವ ಬಗೆ, ಕೊನೆಯ ದಿನ, ಹಿಂದಿನ ದಾಖಲೆಯ ಸಂಖ್ಯೆ, ಸ್ಥಿತಿ. ಇವು A ಯಿಂದ J ವರೆಗಿನ ಕಾಲಂಗಳು.

ಎರಡನೆಯದು `Lines`. ಬಿಲ್ಲಿನೊಳಗಿನ ಒಂದೊಂದು ಬಾಬಿಗೂ ಒಂದೊಂದು ಸಾಲು, ಪ್ರತಿ ಸಾಲಿನಲ್ಲೂ ಅದು ಯಾವ ಬಿಲ್ಲಿಗೆ ಸೇರಿದ್ದು ಎಂಬ ಸಂಖ್ಯೆ. ಮೂರನೆಯದು `Print`. ಗ್ರಾಹಕರು ನೋಡುವ ಮುಖ ಇದೊಂದೇ. ಇದರಲ್ಲಿ ನಾನು ಏನನ್ನೂ ತುಂಬುವುದಿಲ್ಲ. H3 ಕೋಶದಲ್ಲಿ ಸಂಖ್ಯೆ ಆರಿಸಿದರೆ ಉಳಿದದ್ದೆಲ್ಲ ಹಿಂದಿನ ಎರಡು ಹಾಳೆಗಳಿಂದ ಬಂದು ಕೂರುತ್ತದೆ. ಕಿಟಕಿ ಇದ್ದ ಹಾಗೆ: ಯಾವ ಬಿಲ್ ಬೇಕೋ ಅದರ ಎದುರು ನಿಲ್ಲಿಸಿಕೊಂಡರೆ ಆಯಿತು.

ಬಾಬುಗಳನ್ನು ಎಳೆದು ತರಲು ಹೊಸ ಆವೃತ್ತಿಗಳಲ್ಲಿ `FILTER` ಇದೆ. ನನ್ನ ಕಡತ ಹಳೆಯ ಆವೃತ್ತಿಯಲ್ಲಿಯೂ ತೆರೆಯಬೇಕಿತ್ತು, ಹಾಗಾಗಿ ಹಳೆಯ ದಾರಿಯನ್ನೇ ಹಿಡಿದೆ. `Lines` ಹಾಳೆಯ B ಯಲ್ಲಿ ಬಿಲ್ ಸಂಖ್ಯೆ. C ಯಲ್ಲಿ ಆ ಬಿಲ್ಲಿನೊಳಗೆ ಇದು ಎಷ್ಟನೆಯ ಬಾಬು ಎಂಬ ಎಣಿಕೆ. A ಯಲ್ಲಿ ಇವೆರಡನ್ನೂ ಜೋಡಿಸಿದ ಒಂದು ಗುರುತು:

```
C2:  =COUNTIF(B$2:B2,B2)
A2:  =B2&"#"&C2
```

ಹೀಗೆ `INV-0017#1`, `INV-0017#2` ಎಂದು ಪ್ರತಿ ಬಾಬಿಗೂ ಒಂದು ವಿಳಾಸ ಸಿಗುತ್ತದೆ. `Print` ಹಾಳೆಯ A ಕಾಲಂನಲ್ಲಿ, 12ನೆಯ ಸಾಲಿನಿಂದ ಮೊದಲಾಗಿ, 1 ರಿಂದ 20 ರವರೆಗೆ ಸಂಖ್ಯೆಗಳನ್ನು ಸುಮ್ಮನೆ ಬರೆದಿಟ್ಟಿದ್ದೇನೆ. ಪಕ್ಕದ ಕೋಶ ಆ ವಿಳಾಸ ಹಿಡಿದು ವಿವರವನ್ನು ಹುಡುಕಿ ತರುತ್ತದೆ:

```
=IFERROR(INDEX(Lines!D:D,MATCH($H$3&"#"&$A12,Lines!$A:$A,0)),"")
```

ಪ್ರಮಾಣ, ದರ, ತೆರಿಗೆ, ಮೊತ್ತಕ್ಕೂ ಇದೇ ಸೂತ್ರ, `D:D` ಬದಲು ಬೇರೆ ಕಾಲಂ ಅಷ್ಟೇ. ಬಾಬು ಇಲ್ಲದ ಸಾಲಿನ ಕ್ರಮಾಂಕ ಕಾಣದಂತೆ ಕಂಡೀಶನಲ್ ಫಾರ್ಮ್ಯಾಟಿಂಗ್‌ನಲ್ಲಿ ಅಕ್ಷರಕ್ಕೆ ಬಿಳಿ ಬಣ್ಣ ಕೊಟ್ಟೆ.

ಚೆಂದಕ್ಕಾಗಿ ಕೋಶಗಳನ್ನು ಮರ್ಜ್ ಮಾಡುವ ಚಟ ನನಗೂ ಇತ್ತು. ಬಾಬಿನ ವಿವರ ಉದ್ದವಾದಾಗ ಸಾಲಿನ ಎತ್ತರ ತಾನಾಗಿ ಹೆಚ್ಚಬೇಕು, ಮರ್ಜ್ ಮಾಡಿದ ಕೋಶದಲ್ಲಿ ಅದು ಹೆಚ್ಚುವುದಿಲ್ಲ, ಎರಡನೆಯ ಸಾಲಿನ ಅಕ್ಷರಗಳು ಅರ್ಧಕ್ಕೆ ಕತ್ತರಿಸಿಹೋಗುತ್ತವೆ. ಈಗ ವಿವರದ ಕಾಲಮ್ಮನ್ನೇ ಅಗಲ ಮಾಡಿದ್ದೇನೆ. ನೋಟದ ಬಗ್ಗೆ ಇಷ್ಟು ಸಾಕು.

ಸಂಖ್ಯೆ ಒಮ್ಮೆ ಕೊಟ್ಟರೆ ಕೊಟ್ಟಂತೆ

ಈ ಸಲದ ನಿಯಮ ಒಂದೇ: ಕ್ರಮಸಂಖ್ಯೆಯನ್ನು ಸೂತ್ರ ಹುಟ್ಟಿಸಬಾರದು, ನಾನೇ ಟೈಪ್ ಮಾಡಬೇಕು. `Register` ನಲ್ಲಿ A ಕಾಲಂಗೆ `INV` ಅಥವಾ `QTN`, B ಕಾಲಂಗೆ ಬರಿಯ ಅಂಕಿ, ಉದಾಹರಣೆಗೆ 17. C ಕಾಲಂ ಮಾತ್ರ ಅದೇ ಸಾಲಿನ ಎರಡನ್ನೂ ಕೂಡಿಸಿ ಪೂರ್ಣ ಸಂಖ್ಯೆ ತೋರಿಸುತ್ತದೆ:

```
=A2&"-"&TEXT(B2,"0000")
```

ಇದೂ ಸೂತ್ರವೇ ಅಲ್ಲವೇ ಎಂದು ಕೇಳಬಹುದು. ಹೌದು, ಆದರೆ ಇದು ನೋಡುವುದು ತನ್ನ ಸಾಲಿನಲ್ಲಿ ಬರೆದಿಟ್ಟ ಅಂಕಿಯನ್ನು, ತಾನು ಎಷ್ಟನೆಯ ಸಾಲಿನಲ್ಲಿದ್ದೇನೆ ಎಂಬುದನ್ನಲ್ಲ. ಪಟ್ಟಿಯನ್ನು ಹೇಗೆ ಬೇಕಾದರೂ ಜೋಡಿಸಿ, 17 ತನ್ನ ಗ್ರಾಹಕರ ಜೊತೆಯಲ್ಲಿಯೇ ಚಲಿಸುತ್ತದೆ. ಇದನ್ನು ಕಟ್ಟಿದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಅದೇ: ಹೆಸರಿನ ಕ್ರಮದಲ್ಲಿ ಜೋಡಿಸಿದೆ, ದಿನಾಂಕದ ಕ್ರಮದಲ್ಲಿ ಜೋಡಿಸಿದೆ, ತಲೆಕೆಳಗಾಗಿ ಜೋಡಿಸಿದೆ. ಹದಿನೇಳು ಅಲುಗಲಿಲ್ಲ.

ಮುಂದಿನ ಸಂಖ್ಯೆ ಯಾವುದೆಂದು ನೆನಪಿಡುವುದು ಬೇಡವೆಂದು ಮೂಲೆಯಲ್ಲಿ ಒಂದು ಕೋಶ ಅದನ್ನು ಹೇಳುವಂತೆ ಮಾಡಿದೆ. ಅದು ಹೇಳುತ್ತದೆ ಅಷ್ಟೇ, ಬರೆಯುವುದು ನಾನು:

```
=MAXIFS(Register!B:B,Register!A:A,"INV")+1
```

ಸೊನ್ನೆಗಳು ಮತ್ತು `INV-` ಎಂಬ ಮುಂಭಾಗ ಬರಿಯ ಅಲಂಕಾರವಲ್ಲ. ಸಂಖ್ಯೆ ಪಠ್ಯವಾದಾಗ ಜೋಡಣೆ ಅಕ್ಷರದಿಂದ ಅಕ್ಷರಕ್ಕೆ ನಡೆಯುತ್ತದೆ, ಹಾಗಾಗಿ ಸೊನ್ನೆ ಇಲ್ಲದಿದ್ದರೆ INV-10 ಎಂಬುದು INV-9ಕ್ಕಿಂತ ಮೊದಲು ಬಂದು ಕೂರುತ್ತದೆ. ಇನ್ನು ಅಕ್ಷರವೇ ಇಲ್ಲದೆ 0017 ಎಂದು ಟೈಪ್ ಮಾಡಿದರೆ ಸ್ಪ್ರೆಡ್‌ಶೀಟ್ ಅದನ್ನು ಅಂಕಿಯೆಂದು ತಿಳಿದು ಸೊನ್ನೆಗಳನ್ನು ನುಂಗಿ 17 ಮಾಡುತ್ತದೆ. ಪಠ್ಯವೆಂದು ಬಲವಂತವಾಗಿ ಇಟ್ಟರೂ `COUNTIF` ಬಿಡುವುದಿಲ್ಲ, ಅದರ ಕಣ್ಣಿಗೆ "0017" ಮತ್ತು "17" ಎರಡೂ ಒಂದೇ. ಒಂದು ಅಕ್ಷರ ಮುಂದಿದ್ದರೆ ಈ ಗೊಂದಲವೇ ಇಲ್ಲ. ವರ್ಷಕ್ಕೊಮ್ಮೆ ಒಂದರಿಂದ ಆರಂಭಿಸುವವರು A ಕಾಲಂನಲ್ಲಿ `INV` ಬದಲು `INV25` ಎಂದು ಬರೆಯಬಹುದು. ಎಣಿಸುವ ಸೂತ್ರಗಳಲ್ಲಿಯೂ ಅದನ್ನೇ ಕೊಟ್ಟರೆ ಸಾಕು.

ಟೈಪ್ ಮಾಡುವುದು ಮನುಷ್ಯ, ಆದ್ದರಿಂದ ತಪ್ಪು ಆಗಿಯೇ ಆಗುತ್ತದೆ. B ಕಾಲಂಗೆ ಡೇಟಾ ವ್ಯಾಲಿಡೇಶನ್ ಹಾಕಿ, ಅದೇ ವಿಧದಲ್ಲಿ ಅದೇ ಅಂಕಿ ಮತ್ತೊಮ್ಮೆ ಬಂದರೆ ತಡೆಯುವಂತೆ ಮಾಡಿದೆ:

```
=COUNTIFS($A:$A,$A2,$B:$B,$B2)=1
```

ಎರಡು ದಿನ ಇದನ್ನು ನಂಬಿಕೊಂಡಿದ್ದೆ. ಮೂರನೆಯ ದಿನ ಹಳೆಯ ಕಡತದಿಂದ ಒಂದಿಷ್ಟು ಸಾಲುಗಳನ್ನು ನಕಲು ಮಾಡಿ ಅಂಟಿಸಿದಾಗ ಎರಡು ಒಂಬತ್ತುಗಳು ಸದ್ದಿಲ್ಲದೆ ಒಳಗೆ ಬಂದವು. ವ್ಯಾಲಿಡೇಶನ್ ಕಾಯುವುದು ಟೈಪ್ ಮಾಡುವ ಬಾಗಿಲನ್ನು ಮಾತ್ರ, ಅಂಟಿಸಿದ್ದನ್ನು ಅದು ತಡೆಯುವುದಿಲ್ಲ. ಅದಕ್ಕೇ ಈಗ ಅದೇ ಸೂತ್ರವನ್ನು `>1` ಎಂದು ಬದಲಿಸಿ ಕಂಡೀಶನಲ್ ಫಾರ್ಮ್ಯಾಟಿಂಗ್‌ಗೂ ಕೊಟ್ಟಿದ್ದೇನೆ. ಎರಡು ಸಲ ಬಂದ ಸಂಖ್ಯೆ, ಯಾವ ದಾರಿಯಿಂದ ಬಂದರೂ, ಕೆಂಪಾಗುತ್ತದೆ.

ನಡುವೆ ಸಂಖ್ಯೆ ತಪ್ಪಿಹೋಗಿದೆಯೇ ಎಂದು ತಿಳಿಯಲು ಇನ್ನೊಂದು ಲೆಕ್ಕ. ಕ್ರಮ ಒಂದರಿಂದ ಆರಂಭವಾಗಿದ್ದರೆ, ಅತಿ ದೊಡ್ಡ ಸಂಖ್ಯೆಯೂ ಒಟ್ಟು ಬಿಲ್ಲುಗಳ ಎಣಿಕೆಯೂ ಸಮವಿರಬೇಕು. ಕಳೆದರೆ ಸೊನ್ನೆ ಬರಬೇಕು. ಇದರಲ್ಲಿ ಒಂದು ಮೋಸವಿದೆ. 1, 2, 2, 4 ಎಂದಿದ್ದರೆ ದೊಡ್ಡದು 4, ಎಣಿಕೆಯೂ 4, ಉತ್ತರ ಸೊನ್ನೆ. ಮೂರು ಇಲ್ಲ, ಎರಡು ಎರಡು ಸಲ ಇದೆ, ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಹಾಕಿವೆ. ಕೆಂಪು ಬಣ್ಣದ ಪರೀಕ್ಷೆಯೂ ಈ ಕಳೆಯುವ ಪರೀಕ್ಷೆಯೂ ಜೊತೆಯಲ್ಲಿದ್ದರೆ ಮಾತ್ರ ನೆಮ್ಮದಿ.

ರದ್ದಾದ ಬಿಲ್ಲಿನ ಸಾಲನ್ನು ಅಳಿಸುವುದಿಲ್ಲ. J ಕಾಲಂನಲ್ಲಿ "ರದ್ದು" ಎಂದು ಬರೆಯುತ್ತೇನೆ, ಸಂಖ್ಯೆ ಹಾಗೆಯೇ ಉಳಿಯುತ್ತದೆ. ಆ ಸಂಖ್ಯೆಯನ್ನು ಬೇರೆಯವರಿಗೆ ಕೊಡುವ ಪ್ರಶ್ನೆಯೇ ಇಲ್ಲ.

ಕೊಟೇಶನ್ ಬಿಲ್ಲಾಗುವಾಗ

ಕೊಟೇಶನ್‌ಗೆ ಬೇರೆ ಟೆಂಪ್ಲೇಟ್ ಮಾಡಲಿಲ್ಲ. ಮುಖ ಅದೇ. ಸಂಖ್ಯೆ `QTN` ಎಂದು ಆರಂಭವಾದರೆ ತಲೆಬರಹ ಬದಲಾಗುತ್ತದೆ, "ಪಾವತಿಯ ಕೊನೆಯ ದಿನ" ಎಂಬ ಕಡೆ "ಈ ದರ ಇಲ್ಲಿಯವರೆಗೆ ಅನ್ವಯ" ಎಂದು ಬರುತ್ತದೆ, ಬ್ಯಾಂಕ್ ವಿವರದ ಸಾಲು ಖಾಲಿಯಾಗುತ್ತದೆ. ಕೊಟೇಶನ್ ಕಂಡು ಯಾರೂ ಹಣ ಹಾಕಿಬಿಡಬಾರದು.

ಗ್ರಾಹಕರು ಒಪ್ಪಿದ ಮೇಲೆ A ಕಾಲಂನಲ್ಲಿ `QTN` ಅನ್ನು `INV` ಎಂದು ತಿದ್ದಿಬಿಡುವುದು ಸುಲಭದ ದಾರಿ. ನಾನು ಅದನ್ನು ಮಾಡುವುದಿಲ್ಲ, ಏಕೆಂದರೆ ಒಪ್ಪಿದ್ದು ಏನು ಎಂಬ ದಾಖಲೆಯೇ ಆಗ ಅಳಿಸಿಹೋಗುತ್ತದೆ. ಬದಲಿಗೆ `Register` ನಲ್ಲಿ ಹೊಸ ಬಿಲ್ ಸಾಲು ತೆರೆದು, I ಕಾಲಂನಲ್ಲಿ ಹಳೆಯ ಕೊಟೇಶನ್ ಸಂಖ್ಯೆ ಬರೆದು, ಬಾಬುಗಳನ್ನು `Lines` ನಲ್ಲಿ ಮತ್ತೊಮ್ಮೆ ಅಂಟಿಸಿ ಹೊಸ ಸಂಖ್ಯೆ ಕೊಡುತ್ತೇನೆ. ವಿವರ, ಪ್ರಮಾಣ, ದರ, ತೆರಿಗೆಗಳನ್ನು ಮೌಲ್ಯವಾಗಿ ಅಂಟಿಸಬೇಕು. A, C ಮತ್ತು ಮೊತ್ತದ ಕಾಲಂಗಳ ಸೂತ್ರವನ್ನು ಮೇಲಿನಿಂದ ಎಳೆದುಕೊಳ್ಳಬೇಕು. ಮುದ್ರಿತ ಬಿಲ್ಲಿನಲ್ಲಿ "ಕೊಟೇಶನ್ QTN-0023ರಂತೆ" ಎಂದು ಒಂದು ಸಾಲು ಬರುತ್ತದೆ. ಹಣ ಕೊಡುವವರ ಕಚೇರಿಯಲ್ಲಿ ಬಿಲ್ ನಿಂತುಹೋಗುವುದು ಎಷ್ಟೋ ಸಲ ಈ ಒಂದು ಸಾಲು ಇಲ್ಲದ್ದರಿಂದ.

ಚೌಕಾಸಿಯಾಗಿ ಕೊಟೇಶನ್ ಬದಲಾದರೆ? ಕೆಲವರು ಅದೇ ಸಂಖ್ಯೆಗೆ R1, R2 ಎಂದು ಸೇರಿಸುತ್ತಾರೆ. ನನಗೆ ಹೊಸ ಸಂಖ್ಯೆಯೇ ಸರಿ ಎನಿಸಿತು. ಹಳೆಯದರ ಸ್ಥಿತಿ "ಬದಲಾಗಿದೆ" ಎಂದಾಗುತ್ತದೆ, ಹೊಸದರ I ಕಾಲಂ ಹಳೆಯದನ್ನು ತೋರಿಸುತ್ತದೆ. ಫೋನಿನಲ್ಲಿ ಮಾತನಾಡುವಾಗ "ಇಪ್ಪತ್ತಮೂರರ ಎರಡನೆಯ ಆವೃತ್ತಿಯೋ ಮೂರನೆಯದೋ" ಎಂಬ ಪರದಾಟ ಇರುವುದಿಲ್ಲ.

ದಿನಾಂಕ ಮತ್ತು ಪಾವತಿ

ಹಳೆಯ ಕಡತದಲ್ಲಿ ಬಿಲ್ ದಿನಾಂಕಕ್ಕೆ `=TODAY()` ಇಟ್ಟಿದ್ದೆ. ಮಾಡಿದ ದಿನ ಅದು ಸರಿಯಾಗಿಯೇ ಇರುತ್ತದೆ. ಎರಡು ತಿಂಗಳ ನಂತರ ಗ್ರಾಹಕರು ಇನ್ನೊಂದು ಪ್ರತಿ ಕೇಳಿದಾಗ ಅದೇ ಬಿಲ್ ಇವತ್ತಿನ ದಿನಾಂಕ ಹೊತ್ತುಕೊಂಡು ಹೊರಬರುತ್ತದೆ, ಪಾವತಿಯ ಗಡುವೂ ಅದರ ಹಿಂದೆಯೇ ಮುಂದಕ್ಕೆ ಓಡುತ್ತದೆ. ಬಾಕಿ ಎಂದೂ ಬಾಕಿಯಾಗುವುದೇ ಇಲ್ಲ! ಈಗ D ಕಾಲಂನಲ್ಲಿ `Ctrl+;` ಒತ್ತುತ್ತೇನೆ. ಅಂದಿನ ದಿನಾಂಕ ಮೌಲ್ಯವಾಗಿ ಬಿದ್ದು ಅಲ್ಲೇ ನಿಲ್ಲುತ್ತದೆ.

ಪಾವತಿಯ ಷರತ್ತನ್ನು ನಾನು ಮೊದಲು ವಾಕ್ಯವಾಗಿಯೇ ಬರೆಯುತ್ತಿದ್ದೆ: "30 ದಿನಗಳಲ್ಲಿ ಪಾವತಿಸತಕ್ಕದ್ದು." ಯಾವಾಗಿನಿಂದ ಮೂವತ್ತು? ಬಿಲ್ ದಿನಾಂಕದಿಂದ ಎಂದು ನಾನು ತಿಳಿದಿದ್ದೆ, ತಿಂಗಳ ಕೊನೆಯಿಂದ ಎಂದು ಒಬ್ಬ ಗ್ರಾಹಕರ ಲೆಕ್ಕಪತ್ರದವರು ತಿಳಿದಿದ್ದರು. 2025ರ ಜನವರಿ 15ರ ಬಿಲ್ ಎಂದಿಟ್ಟುಕೊಳ್ಳಿ. ನನ್ನ ಲೆಕ್ಕದಲ್ಲಿ ಗಡುವು ಫೆಬ್ರವರಿ 14. ಅವರ ಲೆಕ್ಕದಲ್ಲಿ ಜನವರಿ 31ರಿಂದ ಮೂವತ್ತು ದಿನ, ಅಂದರೆ ಮಾರ್ಚ್ 2. ಹದಿನಾರು ದಿನಗಳ ವ್ಯತ್ಯಾಸ, ಇಬ್ಬರೂ ತಪ್ಪು ಹೇಳುತ್ತಿಲ್ಲ.

ಹೀಗಾಗಿ F ಕಾಲಂನಲ್ಲಿ ದಿನಗಳ ಸಂಖ್ಯೆ, G ಯಲ್ಲಿ ಬಗೆ: ಬಿಲ್ ದಿನಾಂಕದಿಂದಾದರೆ `D`, ತಿಂಗಳ ಕೊನೆಯಿಂದಾದರೆ `M`. H ಕಾಲಂ ಕೊನೆಯ ದಿನವನ್ನು ಲೆಕ್ಕ ಹಾಕುತ್ತದೆ:

```
=IF(G2="M",EOMONTH(D2,0),D2)+F2
```

ಮುದ್ರಣದಲ್ಲಿ ದಿನಗಳ ಮಾತಿನ ಜೊತೆ ದಿನಾಂಕವನ್ನೂ ಬರೆಯಬೇಕು ಎಂದು ನಿರ್ಧರಿಸಿ, ವಾಕ್ಯಕ್ಕೆ `&` ಹಾಕಿ ಆ ಕೋಶವನ್ನು ಜೋಡಿಸಿದೆ. ತೆರೆಯ ಮೇಲೆ ಬಂದದ್ದು "ಪಾವತಿಯ ಕೊನೆಯ ದಿನ: 45702". ಸ್ಪ್ರೆಡ್‌ಶೀಟ್‌ನ ಒಳಗೆ ದಿನಾಂಕ ಎಂದರೆ ದಿನಗಳ ಒಂದು ಎಣಿಕೆ, ಕೋಶದ ಫಾರ್ಮ್ಯಾಟ್ ಅದಕ್ಕೆ ದಿನಾಂಕದ ವೇಷ ತೊಡಿಸಿರುತ್ತದೆ. ವಾಕ್ಯದೊಳಗೆ ಸೇರಿಸಿದಾಗ ವೇಷ ಕಳಚಿಬೀಳುತ್ತದೆ. `TEXT(…,"dd-mm-yyyy")` ಎಂದು ಸುತ್ತಿದ ಮೇಲೆ 14-02-2025 ಎಂದು ಸರಿಹೋಯಿತು.

ಮುಂಗಡ ಕೇಳುವ ಕೆಲಸಗಳಿಗೆ ಶೇಕಡಾವಾರು ಕಂತುಗಳಿರುತ್ತವೆ. ಅಲ್ಲಿ ಕೊನೆಯ ಕಂತನ್ನು ಶೇಕಡಾದಿಂದ ಲೆಕ್ಕ ಹಾಕಬೇಡಿ. ಒಟ್ಟು ಮೊತ್ತದಿಂದ ಹಿಂದಿನ ಕಂತುಗಳನ್ನು ಕಳೆದು ಉಳಿದದ್ದನ್ನು ಬರೆಯಿರಿ. ಇಲ್ಲದಿದ್ದರೆ ಕಂತುಗಳ ಮೊತ್ತ ಒಟ್ಟಿಗೆ ಒಂದು ಪೈಸೆ ಹೆಚ್ಚು ಕಡಿಮೆ ಆಗುವ ದಿನ ಬಂದೇ ಬರುತ್ತದೆ.

ತೆರಿಗೆಯ ಒಂದು ಪೈಸೆ

ಆ ಪೈಸೆಯ ಮಾತು ಬಂದದ್ದರಿಂದ ಹೇಳುತ್ತೇನೆ: ಇಡೀ ಕಡತದಲ್ಲಿ ನನ್ನನ್ನು ಹೆಚ್ಚು ಸತಾಯಿಸಿದ್ದು ಅದೇ. ಪ್ರಯೋಗಕ್ಕೆಂದು ಮೂರು ಬಾಬುಗಳ ಒಂದು ಬಿಲ್ ತುಂಬಿದೆ. ಮೊತ್ತಗಳು 249.95, 120.65, 77.80. ತೆರಿಗೆ ಎಲ್ಲಕ್ಕೂ ಶೇ. 7. ಪ್ರತಿ ಸಾಲಿನ ಪಕ್ಕದಲ್ಲಿ ತೆರಿಗೆಯ ಕಾಲಂ, ಕೆಳಗೆ ಅದರ ಮೊತ್ತ. ಸಾಲುಗಳಲ್ಲಿ ಕಂಡದ್ದು 17.50, 8.45, 5.45. ಕೆಳಗೆ ಕಂಡದ್ದು 31.39. ಕೈಯಲ್ಲಿ ಕೂಡಿಸಿ ನೋಡಿ, 31.40 ಬರುತ್ತದೆ.

ಸ್ಪ್ರೆಡ್‌ಶೀಟ್ ತಪ್ಪು ಕೂಡಿಸಿಲ್ಲ. ಕೋಶಗಳಲ್ಲಿ ನಿಜವಾಗಿ ಇರುವುದು 17.4965, 8.4455, 5.446. ಎರಡು ದಶಮಾಂಶದ ಫಾರ್ಮ್ಯಾಟ್ ಅವನ್ನು ದುಂಡಾಗಿ *ತೋರಿಸುತ್ತದೆ*, ದುಂಡು *ಮಾಡುವುದಿಲ್ಲ*. `SUM` ಕೂಡಿಸುವುದು ಒಳಗಿರುವ ಪೂರ್ಣ ಅಂಕಿಗಳನ್ನು, ಅವುಗಳ ಮೊತ್ತ 31.388. ಗ್ರಾಹಕರು ಕೂಡಿಸುವುದು ಕಣ್ಣಿಗೆ ಕಾಣುವುದನ್ನು. ಬಿಲ್ಲಿನ ಮೇಲಿನ ವಿಶ್ವಾಸ ಹೋಗಲು ಇಷ್ಟು ಸಾಕು.

ದಾರಿ ಎರಡಿವೆ. ಪ್ರತಿ ಸಾಲಿನ ತೆರಿಗೆಯನ್ನೂ `ROUND` ಮಾಡಿ ಆಮೇಲೆ ಕೂಡಿಸಿದರೆ 31.40. ಒಂದೇ ದರದ ಮೊತ್ತಗಳನ್ನೆಲ್ಲ ಮೊದಲು ಕೂಡಿಸಿ, 448.40ರ ಮೇಲೆ ತೆರಿಗೆ ಹಾಕಿ ಒಮ್ಮೆ ಮಾತ್ರ ದುಂಡು ಮಾಡಿದರೆ 31.39. ಯಾವುದು ಸರಿ ಎನ್ನುವುದನ್ನು ನಿಮ್ಮ ಕಡೆಯ ತೆರಿಗೆ ನಿಯಮ ನಿರ್ಧರಿಸಬೇಕು, ಸ್ಪ್ರೆಡ್‌ಶೀಟ್ ಅಲ್ಲ. ಎರಡನ್ನೂ ಒಂದೇ ಬಿಲ್ಲಿನಲ್ಲಿ ಬೆರೆಸುವುದಂತೂ ಎಲ್ಲಿಯೂ ಸರಿಯಲ್ಲ. ನಾನು ಎರಡನೆಯದನ್ನು ಆರಿಸಿಕೊಂಡೆ. ಸಾಲುಗಳಲ್ಲಿ ತೆರಿಗೆಯ ಮೊತ್ತವನ್ನು ತೋರಿಸುವುದನ್ನೇ ಬಿಟ್ಟು, ದರವನ್ನು ಮಾತ್ರ ತೋರಿಸುತ್ತೇನೆ. ಕೆಳಗೆ ಒಂದು ಸಣ್ಣ ಕೋಷ್ಟಕ: E ಯಲ್ಲಿ ದರ, F ನಲ್ಲಿ ಆ ದರಕ್ಕೆ ಸೇರಿದ ಮೊತ್ತ, G ಯಲ್ಲಿ ತೆರಿಗೆ.

```
F36:  =SUMIFS(Lines!I:I,Lines!B:B,$H$3,Lines!H:H,E36)
G36:  =ROUND(F36*E36,2)
```

`Lines` ನಲ್ಲಿ E ಕಾಲಂ ಪ್ರಮಾಣ, G ದರ, H ತೆರಿಗೆಯ ದರ, I ಬಾಬಿನ ಮೊತ್ತ. ಅದನ್ನೂ `=ROUND(E2*G2,2)` ಎಂದೇ ಬರೆದಿದ್ದೇನೆ, ಏಕೆಂದರೆ ಎರಡೂವರೆ ಗಂಟೆ, ಮುಕ್ಕಾಲು ಮೀಟರ್ ಎಂಬಂಥ ಪ್ರಮಾಣಗಳಿದ್ದರೆ ಅದೇ ಕಣ್ಣುಮುಚ್ಚಾಲೆ ಅಲ್ಲಿಯೂ ನಡೆಯುತ್ತದೆ. ಈಗ ಬಿಲ್ 448.40, ತೆರಿಗೆ 31.39, ಒಟ್ಟು 479.79. ಕಾಣುವ ಯಾವ ಅಂಕಿಯನ್ನು ಕೂಡಿಸಿದರೂ ಇದೇ ಬರುತ್ತದೆ.

ಕೋಷ್ಟಕದಲ್ಲಿ ಮೂರು ದರಗಳಿವೆ: 0%, 7% ಮತ್ತು 12%. ದರ ಬದಲಾದ ದಿನ ಹಳೆಯ ಸಾಲನ್ನು ತಿದ್ದಬಾರದು, ಹೊಸ ಸಾಲನ್ನು ಸೇರಿಸಬೇಕು. ಏಳನ್ನು ಅಳಿಸಿ ಎಂಟು ಬರೆದರೆ, ಹಿಂದೆ ಏಳರಲ್ಲಿ ಮಾಡಿದ ಬಿಲ್ಲುಗಳ ಬಾಬುಗಳಿಗೆ ಕೋಷ್ಟಕದಲ್ಲಿ ಜಾಗವೇ ಇರುವುದಿಲ್ಲ. ಇದೇ ಕಾರಣಕ್ಕೆ ದರವನ್ನು ಪ್ರತಿ ಬಾಬಿನ ಸಾಲಿನಲ್ಲಿಯೇ ಅಂಕಿಯಾಗಿ ಬರೆಯುತ್ತೇನೆ, "ಈಗಿನ ದರ" ಎಂಬ ಒಂದು ಕೋಶಕ್ಕೆ ಎಲ್ಲವನ್ನೂ ಕಟ್ಟಿಹಾಕುವುದಿಲ್ಲ.

ತೆರಿಗೆ ಸೇರಿಸಿಯೇ ದರ ಒಪ್ಪಿಕೊಂಡ ಗ್ರಾಹಕರೂ ಇದ್ದಾರೆ. ಅವರ ವಿಷಯದಲ್ಲಿ ಒಂದು ಎಚ್ಚರ: 107ರಲ್ಲಿ ಅಡಗಿರುವ ಶೇ. 7 ತೆರಿಗೆ 7.49 ಅಲ್ಲ, 7. ಮೊತ್ತವನ್ನು 1.07ರಿಂದ ಭಾಗಿಸಿ ಮೂಲ ದರ ತೆಗೆದು, ಅದನ್ನೇ `Lines` ಗೆ ಬರೆಯುತ್ತೇನೆ. ಭಾಗಿಸಿ ದುಂಡು ಮಾಡಿದ ಮೇಲೆ ಕೆಲವು ಸಲ ಒಟ್ಟು ಮೊತ್ತ ಒಪ್ಪಿದ ದರಕ್ಕಿಂತ ಒಂದು ಪೈಸೆ ಆಚೀಚೆ ಆಗುತ್ತದೆ. ಅಂಥಲ್ಲಿ "ದುಂಡು ಮಾಡಿದ್ದು" ಎಂದು ತೆರಿಗೆಯ ನಂತರ ಒಂದು ಪ್ರತ್ಯೇಕ ಸಾಲು ತೋರಿಸುವುದು ಮರೆಮಾಚುವುದಕ್ಕಿಂತ ಮೇಲು.

ಕಳುಹಿಸಬೇಡಿ

ಕೊನೆಯಲ್ಲಿ, ಮುದ್ರಣದ ವ್ಯಾಪ್ತಿಯ ಹೊರಗೆ, `Print` ಹಾಳೆಯ K ಕಾಲಂನಲ್ಲಿ ನಾಲ್ಕು ಪರೀಕ್ಷೆಗಳನ್ನು ಕೂರಿಸಿದೆ. ಎಲ್ಲ ಸರಿಯಿದ್ದರೆ ಪ್ರತಿಯೊಂದರ ಉತ್ತರವೂ ಸೊನ್ನೆ. K2 ಈ ಸಂಖ್ಯೆ `Register` ನಲ್ಲಿ ಒಂದೇ ಸಲ ಇದೆಯೇ ಎಂದು ನೋಡುತ್ತದೆ, K3 ನಡುವೆ ಸಂಖ್ಯೆ ಬಿಟ್ಟುಹೋಗಿದೆಯೇ ಎಂದು. K4 ಬಾಬುಗಳ ಮೊತ್ತದಿಂದ ತೆರಿಗೆ ಕೋಷ್ಟಕದ ಮೊತ್ತ ಕಳೆಯುತ್ತದೆ. K5 ಬಾಬುಗಳು ಇಪ್ಪತ್ತನ್ನು ಮೀರಿವೆಯೇ ಎಂದು ಎಣಿಸುತ್ತದೆ. ಈ ಕೊನೆಯದು ಚಿಕ್ಕದೆನಿಸಬಹುದು. ಇಪ್ಪತ್ತೊಂದನೆಯ ಬಾಬು ಮುಖದ ಮೇಲೆ ಕಾಣುವುದಿಲ್ಲ, ಆದರೆ `SUMIFS` ಅದನ್ನು ಎಣಿಸಿರುತ್ತದೆ. ಗ್ರಾಹಕರಿಗೆ ಕಾಣದ ವಸ್ತುವಿಗೆ ಹಣ ಕೇಳಿದಂತಾಗುತ್ತದೆ.

ನಾಲ್ಕೂ ಸೊನ್ನೆಯಾಗಿದ್ದರೆ ಮಾತ್ರ ತಲೆಬರಹ ಬರುತ್ತದೆ:

```
=IF(AND(K2=0,K3=0,K4=0,K5=0),
 IF(LEFT(H3,3)="INV","ಇನ್‌ವಾಯ್ಸ್","ಕೊಟೇಶನ್"),
 "ಕರಡು: ಕಳುಹಿಸಬೇಡಿ")
```

ನಾಲ್ಕನ್ನೂ ಕೂಡಿಸಿ ಒಂದು ಸೊನ್ನೆ ಬಂದರೆ ಸಾಕಲ್ಲವೇ ಎಂದು ಮೊದಲು ಅನಿಸಿತ್ತು. 1, 2, 2, 4 ನೆನಪಾಯಿತು. ಧನವೂ ಋಣವೂ ಒಂದನ್ನೊಂದು ತಿಂದುಹಾಕುತ್ತವೆ. `AND` ಗೆ ಆ ರೋಗವಿಲ್ಲ.

ಪರೀಕ್ಷೆಗಳು ಕೆಲಸ ಮಾಡುತ್ತವೆಯೇ ಎಂದು ನೋಡಲು ಅದೇ ಮೂರು ಬಾಬಿನ ಬಿಲ್ಲಿಗೆ ಸಾಗಣೆ 60.00 ಎಂದು ನಾಲ್ಕನೆಯ ಸಾಲು ಸೇರಿಸಿ, ತೆರಿಗೆಯ ಕೋಶವನ್ನು ಬೇಕೆಂದೇ ಖಾಲಿ ಬಿಟ್ಟೆ. ಮುಖದ ಮೇಲೆ ಆ ಸಾಲಿನ ಎದುರು 0% ಎಂದೇ ಕಂಡಿತು, ಏಕೆಂದರೆ ಖಾಲಿ ಕೋಶವನ್ನು `INDEX` ಸೊನ್ನೆಯೆಂದು ತಂದುಕೊಡುತ್ತದೆ. ಕೋಷ್ಟಕದ ಶೇ. 0 ಸಾಲಿನಲ್ಲಿ ಮಾತ್ರ ಏನೂ ಬೀಳಲಿಲ್ಲ. `SUMIFS` ಗೆ ಖಾಲಿ ಬೇರೆ, ಸೊನ್ನೆ ಬೇರೆ. ಬಾಬುಗಳು 508.40, ಕೋಷ್ಟಕ 448.40, K4 ನಲ್ಲಿ 60, ಹಾಳೆಯ ನೆತ್ತಿಯ ಮೇಲೆ ಕೆಂಪಕ್ಷರದಲ್ಲಿ "ಕರಡು: ಕಳುಹಿಸಬೇಡಿ". ಕಣ್ಣಿಗೆ ಸರಿಯಾಗಿಯೇ ಕಾಣುತ್ತಿದ್ದ ಬಿಲ್ ಅದು. ತೆರಿಗೆಯ ಕೋಶದಲ್ಲಿ 0 ಬರೆದ ಕೂಡಲೇ ತಲೆಬರಹ ಮರಳಿತು.

`Print` ಹಾಳೆಯಲ್ಲಿ H3 ಒಂದನ್ನು ಬಿಟ್ಟು ಉಳಿದ ಕೋಶಗಳಿಗೆಲ್ಲ ಬೀಗ ಹಾಕಿದ್ದೇನೆ. ಇದು ಕಳ್ಳರಿಗೆ ಹಾಕಿದ ಬೀಗವಲ್ಲ, ನನ್ನದೇ ಅವಸರದ ಬೆರಳುಗಳಿಗೆ ಹಾಕಿದ್ದು.

ಕಳುಹಿಸಿದ ಪ್ರತಿಯೊಂದು ಬಿಲ್ಲನ್ನೂ ಅದರ ಸಂಖ್ಯೆಯ ಹೆಸರಿನಲ್ಲಿ ಪಿಡಿಎಫ್ ಆಗಿ ಉಳಿಸುತ್ತೇನೆ, ಇನ್ನೊಂದು ಪ್ರತಿ ಕೇಳಿದವರಿಗೆ ಅದನ್ನೇ ಕಳುಹಿಸುತ್ತೇನೆ. ಗ್ರಾಹಕರು ವಿಳಾಸ ಬದಲಿಸಿದರೆ ಹಾಳೆಯಲ್ಲಿನ ಹಳೆಯ ಬಿಲ್ಲೂ ಹೊಸ ವಿಳಾಸ ತೋರಿಸಲು ಆರಂಭಿಸುತ್ತದೆ, ಅದನ್ನು ಸರಿಪಡಿಸಲು ನಾನು ಹೋಗಿಲ್ಲ. ಹೊರಗೆ ಹೋದ ಕಾಗದದಲ್ಲಿ ಇದ್ದದ್ದು ಪಿಡಿಎಫ್‌ನಲ್ಲಿ ಇದೆ. ಹೋದ ವಾರ ಅದೇ ಗ್ರಾಹಕರು ಇನ್ನೊಮ್ಮೆ ಫೋನ್ ಮಾಡಿ ಹದಿನೇಳರ ಪ್ರತಿ ಕೇಳಿದರು. ಪಿಡಿಎಫ್ ತೆರೆದೆ, H3ರಲ್ಲಿ ಅದೇ ಸಂಖ್ಯೆ ಆರಿಸಿದೆ, ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆ. ಎರಡರಲ್ಲೂ ಅವರದೇ ಹೆಸರು.